ಕೊನೆಯ ಪದ ಕೆಟ್ಟರೆ ನೋಟಿಸೇ ಕೆಟ್ಟಿತು

ಮೊಬೈಲಿಗೆ ಬರುವ ಯೋಜನೆಯ ಸಂದೇಶ, ಬ್ಯಾಂಕಿನ ಎಸ್ಸೆಮ್ಮೆಸ್, ವಾಟ್ಸಾಪ್ ಗುಂಪಿನಲ್ಲಿ ಓಡಾಡುವ ನೋಟಿಸು. ಇವುಗಳಲ್ಲಿ ಹಲವನ್ನು ಈಗ ಮನುಷ್ಯರು ಕನ್ನಡದಲ್ಲಿ ಬರೆಯುತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ಯಂತ್ರಕ್ಕೆ ಹಾಕಿ, ಅದು ಕೊಟ್ಟದ್ದನ್ನು ಹಾಗೇ ಕಳಿಸುತ್ತಾರೆ. ಓದಿದವರು 'ಇದೆಂಥ ಕನ್ನಡ' ಎಂದು ನಕ್ಕು ಸುಮ್ಮನಾಗುತ್ತಾರೆ. ನಗುವ ವಿಷಯ ಅಲ್ಲ ಎನ್ನುವುದು ನಮ್ಮ ವಾದ. ಕನ್ನಡದಲ್ಲಿ ಪದದ ಜಾಗ ಮತ್ತು ಕ್ರಿಯಾಪದದ ಬಾಲ ತಪ್ಪಿದರೆ ಬರೀ ಚಂದ ಕೆಡುವುದಿಲ್ಲ, ಯಾರು ಏನು ಮಾಡಬೇಕು ಎನ್ನುವುದೇ ಬದಲಾಗುತ್ತದೆ.

ನಮ್ಮ ತಾಲ್ಲೂಕಿನ ರೈತರ ಗುಂಪೊಂದರಲ್ಲಿ ಬಂದ ಒಂದು ಸಂದೇಶ ನೋಡಿ. ಯೋಜನೆ ಯಾವುದು, ಕಳಿಸಿದ ಕಚೇರಿ ಯಾವುದು ಎನ್ನುವುದು ಇಲ್ಲಿ ಬೇಡ. ಸಂದೇಶ ಹೀಗಿತ್ತು:

'ಇ-ಕೆವೈಸಿ ಪೂರ್ಣಗೊಳಿಸದ ರೈತರು ಮುಂದಿನ ಕಂತನ್ನು ಸ್ವೀಕರಿಸುವುದಿಲ್ಲ ಅದನ್ನು 31ರ ಮೊದಲು ಹತ್ತಿರದ ಕೇಂದ್ರದಲ್ಲಿ ಮಾಡಲಾಗುತ್ತದೆ ಹೊರತು.'

ಒಂದೊಂದು ಪದವೂ ಕನ್ನಡವೇ. ಕಾಗುಣಿತ ತಪ್ಪಿಲ್ಲ. ಆದರೆ ಓದಿದ ಕೆಲವರಿಗೆ ಅರ್ಥವಾದದ್ದು ಇದು: 'ನಮ್ಮ ಇ-ಕೆವೈಸಿಯನ್ನು 31ರ ಮೊದಲು ಕೇಂದ್ರದವರೇ ಮಾಡುತ್ತಾರೆ, ನಾವು ಸುಮ್ಮನಿದ್ದರಾಯಿತು.' ಹೇಳಬೇಕಾಗಿದ್ದದ್ದು ಅದಕ್ಕೆ ಪೂರ್ತಿ ಉಲ್ಟಾ. ರೈತ ತಾನೇ ಹೋಗಿ ಹೆಬ್ಬೆಟ್ಟು ಕೊಟ್ಟು ಬರಬೇಕು, ಇಲ್ಲದಿದ್ದರೆ ಹಣ ಬರುವುದಿಲ್ಲ. ಆ ತಿಂಗಳು ಕಂತು ಬಾರದವರು ಪಂಚಾಯಿತಿ, ಬ್ಯಾಂಕು, ಕೃಷಿ ಇಲಾಖೆ ಎಂದು ಸುತ್ತಿದರು. ಎಲ್ಲ ಕಡೆ ಸಿಕ್ಕ ಉತ್ತರ ಒಂದೇ, 'ಮೆಸೇಜ್ ಕಳಿಸಿದ್ದೆವಲ್ಲ.'

ಈ ಒಂದು ವಾಕ್ಯದಲ್ಲಿ ಎಡವಟ್ಟು ಮೂರು ಕಡೆ ಆಗಿದೆ. ಬಿಡಿಸಿ ನೋಡೋಣ.

ಮೊದಲನೆಯದು 'ಮಾಡಲಾಗುತ್ತದೆ'. ಇಂಗ್ಲಿಷಿನಲ್ಲಿ ಯಾರು ಮಾಡುತ್ತಾರೆ ಎಂದು ಹೇಳದೆಯೇ ಕೆಲಸದ ಬಗ್ಗೆ ಹೇಳುವ ರೂಢಿ ಇದೆ. ಅಂಥ ವಾಕ್ಯ ಕಂಡ ಕೂಡಲೇ ಯಂತ್ರ 'ಮಾಡಲಾಗುತ್ತದೆ', 'ಮಾಡಲಾಗಿದೆ', 'ಮಾಡಲಾಗುವುದು' ಎಂದು ಹಾಕುತ್ತದೆ. ನಮ್ಮ ಕಿವಿಗೆ ಈ ರೂಪ ಬಿದ್ದರೆ ಕಚೇರಿಯೇ ನೆನಪಿಗೆ ಬರುತ್ತದೆ. 'ನೀರು ಬಿಡಲಾಗುವುದು' ಅಂದರೆ ಅವರು ಬಿಡುತ್ತಾರೆ. 'ರಸ್ತೆ ದುರಸ್ತಿ ಮಾಡಲಾಗುವುದು' ಅಂದರೆ ಅವರು ಮಾಡುತ್ತಾರೆ. ಹಾಗಾಗಿ 'ಇ-ಕೆವೈಸಿ ಮಾಡಲಾಗುತ್ತದೆ' ಅಂದರೂ ಅವರೇ ಮಾಡುತ್ತಾರೆ ಎಂದು ರೈತ ತಿಳಿದದ್ದರಲ್ಲಿ ತಪ್ಪೇನಿದೆ? ಇಲ್ಲಿ ಬೇಕಾಗಿದ್ದದ್ದು 'ಮಾಡಿಸಿಕೊಳ್ಳಬೇಕು'. ಈ ಒಂದೇ ಪದದಲ್ಲಿ ಮೂರು ಸಂಗತಿ ಇವೆ. 'ಮಾಡಿಸು' ಅಂದರೆ ಕೆಲಸ ಇನ್ನೊಬ್ಬರ ಕೈಯಿಂದ ಆಗಬೇಕು. 'ಕೊಳ್ಳು' ಅಂದರೆ ಅದು ನಿಮಗಾಗಿ. 'ಬೇಕು' ಅಂದರೆ ಜವಾಬ್ದಾರಿ ನಿಮ್ಮದು. ಇಂಗ್ಲಿಷ್ ಮೂಲದಲ್ಲಿ ಈ ಮೂರೂ ಪದಗಳಾಗಿ ಇರಲಿಲ್ಲ. ಇಲ್ಲದ್ದನ್ನು ಯಂತ್ರ ಎಲ್ಲಿಂದ ತರಬೇಕು?

ಎರಡನೆಯದು 'ಹೊರತು' ಕೂತ ಜಾಗ. ಕನ್ನಡದಲ್ಲಿ ಷರತ್ತು ಮೊದಲು, ಫಲ ಆಮೇಲೆ. 'ಮಾಡಿಸಿದ ಹೊರತು ಕಂತು ಬರುವುದಿಲ್ಲ' ಎನ್ನುತ್ತೇವೆ. ಅಲ್ಲಿ 'ಹೊರತು' ಎನ್ನುವುದು ಬಾಗಿಲ ಕೀಲಿನ ಹಾಗೆ ಎರಡು ತುಂಡುಗಳ ನಡುವೆ ಇರುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಫಲವನ್ನು ಮೊದಲು ಹೇಳಿ ಷರತ್ತನ್ನು ಹಿಂದೆ ಇಡುತ್ತಾರೆ. ಯಂತ್ರ ಅದೇ ಕ್ರಮ ಹಿಡಿದು ಫಲ ಮುಗಿಸಿತು, ಷರತ್ತು ಬರೆಯಿತು, ಉಳಿದ ಕೀಲನ್ನು ವಾಕ್ಯದ ಬಾಲಕ್ಕೆ ನೇತುಹಾಕಿತು. ಒಂದೊಂದು ಸಲ ಆ ಪದ ಪೂರ್ತಿ ಬಿದ್ದೇ ಹೋಗುತ್ತದೆ. ಆಗ ಷರತ್ತು ಷರತ್ತಾಗಿ ಉಳಿಯದೆ ಭರವಸೆಯಾಗುತ್ತದೆ.

ಮೂರನೆಯದು 'ರೈತರು ಕಂತನ್ನು ಸ್ವೀಕರಿಸುವುದಿಲ್ಲ'. ಇದನ್ನು ಓದಿದರೆ ರೈತರು ಸಿಟ್ಟಿನಿಂದ 'ನಿಮ್ಮ ಹಣ ಬೇಡ' ಎಂದು ವಾಪಸು ಕಳಿಸಿದಂತೆ ಕೇಳುತ್ತದೆ. ಹಣ, ಜ್ವರ, ಹಸಿವು, ಕಷ್ಟ ಇವೆಲ್ಲ ನಮ್ಮ ಮಾತಿನಲ್ಲಿ ನಮಗೆ ಬರುತ್ತವೆ, ಆಗುತ್ತವೆ. 'ರೈತರಿಗೆ ಕಂತು ಬರುವುದಿಲ್ಲ' ಎನ್ನುತ್ತೇವೆ. 'ನನಗೆ ಜ್ವರ ಬಂದಿದೆ' ಎನ್ನುತ್ತೇವೆ. 'ನಾನು ಜ್ವರವನ್ನು ಹೊಂದಿದ್ದೇನೆ' ಎನ್ನುವ ಮನುಷ್ಯರನ್ನು ನಾವಂತೂ ನೋಡಿಲ್ಲ, ಆದರೆ ಆರೋಗ್ಯದ ಸಂದೇಶಗಳಲ್ಲಿ ಈ ವಾಕ್ಯ ಸಿಗುತ್ತದೆ.

ಮೂರನ್ನೂ ಸರಿಮಾಡಿದರೆ ಸಂದೇಶ ಹೀಗಾಗುತ್ತದೆ: 'ಇ-ಕೆವೈಸಿ ಮಾಡಿಸದ ರೈತರು 31ರೊಳಗೆ ಹತ್ತಿರದ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಕಂತು ಬರುವುದಿಲ್ಲ.' ಒಂದು ವಾಕ್ಯ ಎರಡಾಯಿತು, ಅಷ್ಟೇ. ಬರೆಯಲು ಎರಡು ನಿಮಿಷ ಸಾಕು.

ಯಂತ್ರ ಇಲ್ಲೇ ಯಾಕೆ ಎಡವುತ್ತದೆ? ನಮ್ಮ ಕ್ರಿಯಾಪದ ಹೊರುವ ಭಾರ ಜಾಸ್ತಿ. 'ಕಳುಹಿಸಿದ' ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇದ್ದರೆ ಸಾಕು, ಯಾರು ಕಳಿಸಿದರೂ ಅದು ಬದಲಾಗುವುದಿಲ್ಲ. ನಮ್ಮಲ್ಲಿ ಕಳುಹಿಸಿದೆನು, ಕಳುಹಿಸಿದೆವು, ಕಳುಹಿಸಿದಿರಿ, ಕಳುಹಿಸಿದನು, ಕಳುಹಿಸಿದಳು, ಕಳುಹಿಸಿದರು, ಕಳುಹಿಸಿತು, ಕಳುಹಿಸಿದವು. ಯಾರು, ಎಷ್ಟು ಜನ, ಗಂಡೋ ಹೆಣ್ಣೋ, ವಸ್ತುವೋ ಮನುಷ್ಯರೋ, ಗೌರವ ಕೊಡಬೇಕೋ ಬೇಡವೋ ಎಲ್ಲವೂ ಆ ಬಾಲದಲ್ಲೇ. ಮೇಲಾಗಿ ಆ ಪದ ವಾಕ್ಯದ ಕೊನೆಯಲ್ಲಿದ್ದರೆ ಕರ್ತೃ ಮೊದಲಲ್ಲಿರುತ್ತದೆ. ನಡುವೆ ಹತ್ತು ಹದಿನೈದು ಪದ ಬಂದರೆ ಕೊಂಡಿ ತಪ್ಪುವುದು ಸುಲಭ.

ಅದಕ್ಕೇ ಹಣ ಪಾವತಿಯ ಆ್ಯಪಿನಲ್ಲಿ 'ಹನುಮಂತಪ್ಪ ನಿಮಗೆ 500 ರೂಪಾಯಿ ಕಳುಹಿಸಿದೆ' ಎಂಬ ಸಾಲು ಬರುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟು ವಾಕ್ಯವನ್ನು ಮೊದಲೇ ಅನುವಾದ ಮಾಡಿಟ್ಟಿರುತ್ತಾರೆ. ಆ ಜಾಗಕ್ಕೆ ಬರುವುದು ಡೇರಿಯೋ, ಅಣ್ಣನೋ, ಅತ್ತೆಯೋ ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಾಗ ಅದು ಎಲ್ಲರನ್ನೂ ವಸ್ತು ಮಾಡುತ್ತದೆ. ಗೌರವದ ಕಥೆಯೂ ಇಷ್ಟೇ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಆದ್ದರಿಂದ ಮೇಲೆ 'ನಿಮ್ಮ ಅರ್ಜಿ' ಎಂದು ಬರೆದ ಪರದೆಯಲ್ಲೇ ಕೆಳಗಿನ ಗುಂಡಿಯ ಮೇಲೆ 'ಸಲ್ಲಿಸು' ಎಂದಿರುತ್ತದೆ. ಎಪ್ಪತ್ತು ವರ್ಷದ ಅಜ್ಜಿಗೆ ಊರಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ.

ಪದದ ಜಾಗ ತಪ್ಪಿದರೆ ಎಷ್ಟು ದೂರ ಹೋಗಬಹುದು ಎನ್ನುವುದು 2025ರ ಜುಲೈನಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ಅದು ಕನ್ನಡದಿಂದ ಇಂಗ್ಲಿಷಿಗೆ ಆದದ್ದು, ಆದರೆ ರೋಗ ಇದೇ. ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್‌ನಲ್ಲಿ ಕನ್ನಡದಲ್ಲಿ ಬಂತು. ಯಂತ್ರದ ಇಂಗ್ಲಿಷಿನಲ್ಲಿ ತೀರಿಕೊಂಡವರು ಮುಖ್ಯಮಂತ್ರಿ ಎಂದಾಯಿತು. ಕನ್ನಡದಲ್ಲಿ 'ನಿಧನರಾದ' ಎಂಬ ಪದ ತನ್ನ ಮುಂದೆ ಬರುವ ಹೆಸರಿಗೆ ಸೇರಿದ್ದು. ಯಂತ್ರ ಅದನ್ನು ಹಿಂದಿದ್ದ ಹೆಸರಿಗೆ ಅಂಟಿಸಿತು. ಮುಖ್ಯಮಂತ್ರಿ ಕಚೇರಿಯಿಂದ ಪತ್ರ ಹೋಯಿತು, ಮೆಟಾ ಕಂಪನಿ ಕ್ಷಮೆ ಕೇಳಿ ಸರಿಪಡಿಸಿದ್ದಾಗಿ ಹೇಳಿತು. ನಮ್ಮ ಊರಿನ ರೈತನ ಕಂತು ತಪ್ಪಿಸಿದ ವಾಕ್ಯಕ್ಕೆ ಪತ್ರ ಬರೆಯುವವರು ಯಾರು?

ಯಂತ್ರ ದಿನದಿನಕ್ಕೆ ಸುಧಾರಿಸುತ್ತಿದೆ, ಸ್ವಲ್ಪ ತಾಳಿ ಎನ್ನುವವರು ಇದ್ದಾರೆ. ಸುಧಾರಿಸಿದೆ, ನಿಜ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದು ತುಂಡುತುಂಡಾಗಿ ಅನುವಾದಿಸಿ ಜೋಡಿಸುತ್ತಿತ್ತು, ಕನ್ನಡ ಚೆಲ್ಲಾಪಿಲ್ಲಿ ಆಗುತ್ತಿತ್ತು. 2017ರಲ್ಲಿ ಇಡೀ ವಾಕ್ಯವನ್ನು ಒಟ್ಟಿಗೆ ನೋಡುವ ಹೊಸ ವಿಧಾನ ಕನ್ನಡಕ್ಕೂ ಬಂತು, ಓದಲು ಹದವಾಯಿತು. ಆದರೆ ನಮಗೆ ಹೆಚ್ಚು ಭಯ ಇರುವುದು ಈ ಹದವಾದ ಕನ್ನಡದ ಬಗ್ಗೆಯೇ. ಚೆಲ್ಲಾಪಿಲ್ಲಿ ವಾಕ್ಯ ನೋಡಿದರೆ ಅನುಮಾನ ಬಂದು ನಾಲ್ಕು ಜನರನ್ನು ಕೇಳುತ್ತೇವೆ. ಸರಾಗವಾಗಿ ಓದಿಸಿಕೊಂಡು 'ಮಾಡಿಸಿಕೊಳ್ಳಿ' ಬದಲು 'ಮಾಡಲಾಗಿದೆ' ಎಂದು ಮುಗಿಯುವ ವಾಕ್ಯವನ್ನು ನಂಬಿ ಬಿಡುತ್ತೇವೆ.

ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟುವುದೂ ಸರಿಯಲ್ಲ. 'ಮಾಡಲಾಗುವುದು' ಕನ್ನಡವನ್ನು ಕಚೇರಿಗಳು ಯಂತ್ರ ಬರುವುದಕ್ಕೆ ಮೊದಲೇ ಬರೆಯುತ್ತಿದ್ದವು. ಹೊಣೆ ಇರುವುದು ಕಳಿಸುವವರ ಮೇಲೆ. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡ ಆಡಳಿತ ಭಾಷೆ. ಅಕ್ಷರ ಕನ್ನಡದ್ದಾದ ಮಾತ್ರಕ್ಕೆ ಆ ಕರ್ತವ್ಯ ಮುಗಿಯುವುದಿಲ್ಲ, ಓದಿದವರಿಗೆ ಏನು ಮಾಡಬೇಕೆಂದು ತಿಳಿಯಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಯಂತ್ರ ಬಳಸಲಿ. ಆದರೆ ಸಾವಿರಾರು ಫೋನಿಗೆ ಸಂದೇಶ ಹೋಗುವ ಮೊದಲು ಕನ್ನಡ ಬಲ್ಲ ಒಬ್ಬರು ಅದನ್ನು ಗಟ್ಟಿಯಾಗಿ ಓದಲಿ, ಇಂಗ್ಲಿಷ್ ಮೂಲ ನೋಡದೆ ಓದಲಿ. ಓದಿ ಮುಗಿಸಿ ಎರಡು ಪ್ರಶ್ನೆಗೆ ಉತ್ತರ ಹೇಳಲಿ. ಈ ಕೆಲಸ ಯಾರು ಮಾಡಬೇಕು? ಮಾಡದಿದ್ದರೆ ಏನಾಗುತ್ತದೆ? ಉತ್ತರ ತಡವರಿಸಿದರೆ ಸಂದೇಶ ತಿದ್ದಲಿ. ಕಳಿಸಿದ ಅಧಿಕಾರಿಯ ಹುದ್ದೆ ಮತ್ತು ಕೇಳಲು ಒಂದು ಫೋನ್ ನಂಬರು ಕೆಳಗೆ ಇರಲಿ. ತಪ್ಪು ಸಂದೇಶದಿಂದ ಗಡುವು ತಪ್ಪಿದರೆ ಗಡುವು ಮುಂದೆ ಹಾಕಲಿ, 'ಕಳಿಸಿದ್ದೆವಲ್ಲ' ಎನ್ನುವುದು ಬೇಡ.

ಓದುವ ನಾವು ಮಾಡಬಹುದಾದದ್ದೂ ಒಂದಿದೆ. ಹಣದ, ಜಮೀನಿನ, ಔಷಧಿಯ ಸಂದೇಶ ಬಂದಾಗ ಕೊನೆಯ ಪದದ ಮೇಲೆ ಬೆರಳಿಟ್ಟು ನೋಡಿ. ಅದು 'ಲಾಗಿದೆ', 'ಲಾಗುತ್ತದೆ', 'ಲಾಗುವುದು' ಎಂದು ಮುಗಿದಿದ್ದು, ಯಾರು ಮಾಡುತ್ತಾರೆ ಎಂದು ಎಲ್ಲೂ ಬರೆದಿಲ್ಲದಿದ್ದರೆ ನಿಮ್ಮ ಕೆಲಸ ಆಗಿದೆ ಎಂದುಕೊಳ್ಳಬೇಡಿ. ತಾರೀಕು ದಾಟುವ ಮೊದಲು ಗ್ರಾಮ ಒನ್‌ಗೋ ಕೃಷಿ ಕಚೇರಿಗೋ ಹೋಗಿ, 'ಇದನ್ನು ನೀವು ಮಾಡುತ್ತೀರೋ, ನಾವು ಮಾಡಿಸಬೇಕೋ?' ಎಂದು ನೇರವಾಗಿ ಕೇಳಿ. ಅಂಥ ಸಂದೇಶವನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ನಾಳೆ ಕಂತು ನಿಂತರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.