ಕನ್ನಡದ ಕಿರುಸಂದೇಶಕ್ಕೆ ಎಪ್ಪತ್ತೇ ಏಕೆ?



ಸಹಕಾರ ಸಂಘಗಳೂ ಶಾಲೆಗಳೂ ತಮ್ಮ ಸದಸ್ಯರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳುಹಿಸತೊಡಗಿರುವುದು ಸಂತೋಷಕರವಾದರೂ, ಇಂಗ್ಲಿಷಿನಲ್ಲಿ ಒಂದೇ ಸಂದೇಶದಲ್ಲಿ ಅಡಗುತ್ತಿದ್ದ ಒಕ್ಕಣೆಗೆ ಕನ್ನಡದಲ್ಲಿ ಎರಡು ಮೂರರ ಶುಲ್ಕ ಬೀಳುವುದನ್ನು ಕಂಡು ಅನೇಕರು ಪುನಃ ಇಂಗ್ಲಿಷಿಗೆ ಮರಳುತ್ತಿರುವುದರಿಂದ, ಅದರ ಕಾರಣವನ್ನು ನಿವೇದಿಸಬಯಸುತ್ತೇನೆ.

ಒಂದು ಸಂದೇಶದ ಧಾರಣಶಕ್ತಿ 140 ಬೈಟು, ಅಂದರೆ 1120 ಬಿಟ್ಟು. ಇಂಗ್ಲಿಷಿನ ಅಕ್ಷರವೊಂದಕ್ಕೆ ಏಳು ಬಿಟ್ಟು ಸಾಕಾಗುವುದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡವಾದರೋ ಸಾಮಾನ್ಯವಾಗಿ ಹದಿನಾರು ಬಿಟ್ಟಿನ ಯೂನಿಕೋಡ್ ಸಂಕೇತಗಳಲ್ಲಿ ಸಾಗುವುದರಿಂದ ಎಪ್ಪತ್ತೇ ಹಿಡಿಯುತ್ತವೆ. ಅದರಲ್ಲಿಯೂ ಎಣಿಕೆಯಾಗುವುದು ಕಣ್ಣಿಗೆ ಕಾಣುವ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆ ಇವೆಲ್ಲವೂ ಪ್ರತ್ಯೇಕ ಸ್ಥಾನಗಳು. ಆದುದರಿಂದ ‘ರಾಷ್ಟ್ರ’ ಎಂಬ ಎರಡಕ್ಷರದ ಪದವು ಏಳು ಸ್ಥಾನಗಳನ್ನು ನುಂಗುತ್ತದೆ. ಇಂಗ್ಲಿಷ್ ಸಂದೇಶದ ನಡುವೆ ಒಂದೇ ಕನ್ನಡ ಅಕ್ಷರ ನುಸುಳಿದರೂ ಇಡೀ ಸಂದೇಶವೇ ಎಪ್ಪತ್ತರ ಮಿತಿಗೆ ಇಳಿಯುವುದೆಂಬುದು ಬಹುಜನರಿಗೆ ತಿಳಿಯದು.

ಎಪ್ಪತ್ತನ್ನು ಒಂದು ಸ್ಥಾನ ಮೀರಿದರೂ ಸಂದೇಶವು ಇಬ್ಭಾಗವಾಗಿ, ಭಾಗಗಳನ್ನು ಜೋಡಿಸುವ ಸೂಚನೆಗೆ ಆರು ಬೈಟು ವ್ಯಯವಾಗಿ, ಪ್ರತಿ ಭಾಗಕ್ಕೂ 67 ಮಾತ್ರವೇ ಉಳಿಯುತ್ತದೆ.

‘ನಾಳೆ ಬೆಳಿಗ್ಗೆ 10 ಗಂಟೆಗೆ ಸಂಘದ ಸಭೆ.’ ಎಂಬ ವಾಕ್ಯವು ತೆರಪು, ಅಂಕಿ, ಪೂರ್ಣವಿರಾಮಸಹಿತ 33 ಸ್ಥಾನಗಳಾದುದರಿಂದ, ಸ್ಥಳದ ಹೆಸರಿಗೂ ಸಂಘದ ಹೆಸರಿಗೂ 37 ಉಳಿಯುತ್ತವೆ. ಕರಡನ್ನು ಸಿದ್ಧಪಡಿಸುವವರು ಸದಸ್ಯರ ಹೆಸರು, ಬಾಕಿ ಮೊತ್ತ ಮೊದಲಾದ ಬದಲಾಗುವ ಭಾಗಗಳಿಗೆ ಅತಿ ದೀರ್ಘವಾದುದನ್ನೇ ಇಟ್ಟು ಎಣಿಸತಕ್ಕದ್ದು. ಇಲ್ಲವಾದರೆ ಚಿಕ್ಕ ಹೆಸರಿನವರಿಗೆ ಒಂದು, ಉದ್ದ ಹೆಸರಿನವರಿಗೆ ಎರಡು ಸಂದೇಶಗಳಾಗಿ ಲೆಕ್ಕ ತಪ್ಪುತ್ತದೆ. ‘ಮಾನ್ಯ ಸದಸ್ಯರೇ’ ಎಂಬ ಸಂಬೋಧನೆಯನ್ನು ಬಿಟ್ಟರೂ ಅಡ್ಡಿಯಿಲ್ಲ, ದಿನಾಂಕವನ್ನೂ ವೇಳೆಯನ್ನೂ ಬಿಡಲಾಗದು.

ಇತಿ,
ಓರ್ವ ಓದುಗ