ಗುಮಾಸ್ತನ ಮೇಜಿನಿಂದ: ಚಿತ್ರ ಹೇಳದ ಮಾತು

ಮುಂಬಯಿಯ ನಮ್ಮ ಕಚೇರಿಯಲ್ಲಿ ಹೋದ ತಿಂಗಳ ಕೊನೆಯ ದಿನ ಹೆಡ್ ಕ್ಲಾರ್ಕ್ ರಾಯರು ನಿವೃತ್ತರಾದರು. ಹಾರ, ಶಾಲು, ಬಟಾಟೆವಡೆಗಳ ಜೊತೆಗೆ ಈಗ ಒಂದು ವೀಡಿಯೋ ಕೂಡ ಆಗಬೇಕಷ್ಟೆ. ಎಂಟು ಮಂದಿ ಮೊಬೈಲಿನಲ್ಲಿ ಮಾತಾಡಿ ಕಳಿಸಿದ ತುಣುಕುಗಳು, ಒಂದಷ್ಟು ಹಳೆಯ ಫೋಟೋಗಳು. ನಡುನಡುವೆ ಹಿನ್ನೆಲೆಯಲ್ಲಿ ಓದುವ ಮಾತನ್ನು ಬರೆಯುವ ಹೊಣೆ, ಬಿ.ಎ. ಪಾಸಾದವನೆಂಬ ಒಂದೇ ಅಪರಾಧಕ್ಕಾಗಿ, ನನ್ನ ಕೊರಳಿಗೆ ಬಿದ್ದಿತು.

ರಾತ್ರಿ ಕುಳಿತು ಹಿಂದಿಯಲ್ಲಿ 450 ಪದಗಳನ್ನು ಬರೆದೆ. ಗಡಿಯಾರವನ್ನು ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿದರೆ ನಾಲ್ಕು ನಿಮಿಷ! ವೀಡಿಯೋ ಇರುವುದೇ ಆರು ನಿಮಿಷ. ಗೆಳೆಯರ ತುಣುಕುಗಳನ್ನು ತಲಾ ಅರ್ಧ ನಿಮಿಷಕ್ಕೆ ಕತ್ತರಿಸಿದರೂ ನಾಲ್ಕು ನಿಮಿಷ ಅವಕ್ಕೇ ಬೇಕು; ಅವರು ಮಾತಾಡುವಾಗ ನಾನು ಬಾಯಿ ಮುಚ್ಚಿರಬೇಕು. ಉಳಿದ ಎರಡು ನಿಮಿಷಕ್ಕೆ ನನ್ನ ಓದಿನ ವೇಗದಲ್ಲಿ 225 ಪದ. ಫೋಟೋ ನೋಡುವವರಿಗೆ ತುಸು ಮೌನವೂ ಬೇಕಲ್ಲವೆ? 150 ಎಂದು ಗೊತ್ತುಮಾಡಿದೆ.

ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಮೇಲೆ ಮಾಡಿದೆ: ತುಣುಕುಗಳನ್ನೆಲ್ಲ ಕೇಳಿದೆ. ಐದು ಮಂದಿ ರಾಯರ ಶಿಸ್ತನ್ನೇ ಹೊಗಳಿದ್ದರು. ಶಿಸ್ತಿನ ಮೇಲೆ ನಾನು ಬರೆದ ಎರಡು ಪ್ಯಾರಾಗಳನ್ನು ಹೊಡೆದುಹಾಕಿದೆ. ಅನಂತರ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಚಿತ್ರವನ್ನೂ ಅದು ನಿಲ್ಲುವ ಸೆಕೆಂಡುಗಳನ್ನೂ, ಬಲಕ್ಕೆ ಅದರ ಮಾತನ್ನೂ ಬರೆದುಕೊಂಡೆ. ಎಂಟು ಸೆಕೆಂಡಿನ ಚಿತ್ರಕ್ಕೆ ಹತ್ತು ಪದ ಸಾಕು.

ಒಂದು ಫೋಟೋದಲ್ಲಿ ರಾಯರು ಫ್ಯಾನಿನ ಕೆಳಗೆ ಒದ್ದೆ ಕಾಗದಗಳನ್ನು ಹರಡುತ್ತಿದ್ದಾರೆ. 2005ರ ಜುಲೈ 26ರ ಮಹಾಮಳೆಯ ನಂತರದ್ದು. “ಆ ರಾತ್ರಿಯೆಲ್ಲ ರಾಯರು ಕಚೇರಿಯಲ್ಲೇ ನಿಂತು ಕಡತಗಳನ್ನು ಕಾಪಾಡಿದರು” ಎಂದು ಬರೆದಿದ್ದೆ. ಆಗ ನಾನಿನ್ನೂ ಶಾಲೆಯ ಹುಡುಗ. ಯಾರೋ ಹೇಳಿದ್ದನ್ನು ನಂಬಿದ್ದೆ. ಅಂದು ಜವಾನರಾಗಿದ್ದು ಈಗ ಪಿಂಚಣಿ ಪಡೆಯುತ್ತಿರುವ ಹಿರಿಯರಿಗೆ ಓದಿ ಹೇಳಿದಾಗ ಅವರು ನಕ್ಕುಬಿಟ್ಟರು. ರೈಲು ನಿಂತುದರಿಂದ ರಾಯರು ಆ ರಾತ್ರಿ ಸೊಂಟದ ನೀರಿನಲ್ಲಿ ಮನೆಗೆ ನಡೆದಿದ್ದರಂತೆ. ಕಾಗದ ಒಣಗಿಸಿದ್ದು ಆಮೇಲಿನ ಮೂರು ದಿನ. “ಅವು ಬರಿಯ ಕಡತಗಳಲ್ಲಪ್ಪ, ನಮ್ಮೆಲ್ಲರ ಸರ್ವಿಸ್ ಬುಕ್ಕುಗಳು. ಅವು ಹೋಗಿದ್ದರೆ ನನ್ನ ಪಿಂಚಣಿಗೆ ಎಷ್ಟು ಅಲೆಯಬೇಕಾಗುತ್ತಿತ್ತೋ!” ಎಂದರು.

ನನ್ನ ಸುಳ್ಳು ಹೊಗಳಿಕೆಯನ್ನು ಸಭೆಯಲ್ಲಿ ಓದಿದ್ದರೆ ರಾಯರೇ ತಲೆತಗ್ಗಿಸಬೇಕಾಗುತ್ತಿತ್ತು. ಅದನ್ನು ಅಳಿಸಿ, “ಇಲ್ಲಿ ಒಣಗುತ್ತಿರುವುವು ಕಚೇರಿಯವರೆಲ್ಲರ ಸರ್ವಿಸ್ ಬುಕ್ಕುಗಳು” ಎಂದಷ್ಟೇ ಬರೆದೆ. ಕಾಗದ ಒಣಗಿಸುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಅದು ಯಾರ ಕಾಗದ ಎಂಬುದು ಕಾಣುವುದಿಲ್ಲ. ಮಾತು ಹೇಳಬೇಕಾದುದು ಅಷ್ಟನ್ನೇ.

ಸಭೆಯ ದಿನ ಆ ಮಾತು ಮುಗಿದ ಮೇಲೆ ಮೂರು ಸೆಕೆಂಡು ಮೌನವಿತ್ತು. ಆ ಮೌನದಲ್ಲಿ ರಾಯರು ಪಕ್ಕದಲ್ಲಿದ್ದ ಹೆಂಡತಿಗೆ ಮೆಲ್ಲಗೆ ಹೇಳಿದರು: “ಅದರಲ್ಲಿ ನನ್ನದೂ ಇತ್ತು.”

ಅದು ನನ್ನ ಹಾಳೆಯಲ್ಲಿರಲಿಲ್ಲ. ನಾನು ಸುಮ್ಮನಿದ್ದುದರಿಂದ ಕೇಳಿಸಿತು.