ಕ್ಲೈಂಟ್‌ಗೆ ತಲೆ ಇಲ್ಲ ಅನ್ನೋರಿಗೆ

1/6

ಮೊನ್ನೆ ನಮ್ಮ ಬ್ಯಾಚಿನ ಒಬ್ಬ ಸ್ಟೋರಿ ಹಾಕಿದ್ದ. ಕ್ಲೈಂಟ್ ಕಳಿಸಿದ ವಾಯ್ಸ್ ನೋಟ್‌ನ ಸ್ಕ್ರೀನ್‌ಶಾಟ್, ಕೆಳಗೆ ನಗೋ ಎಮೋಜಿ, ಮೇಲೆ "ಇವರಿಗೇ ಗೊತ್ತಿಲ್ಲ ಏನು ಬೇಕು ಅಂತ". ನಲವತ್ತು ಜನ ನಕ್ಕಿದ್ರು. ನಾನೂ ನಕ್ಕೆ, ಸುಳ್ಳು ಹೇಳಲ್ಲ. ಆಮೇಲೆ ರಾತ್ರಿ ಕೂತು ಯೋಚಿಸಿದಾಗ ಸಿಟ್ಟು ಬಂತು. ಅವನ ಮೇಲಲ್ಲ, ನಾವೆಲ್ಲ ಸೇರಿ ಬೆಳೆಸಿರೋ ಈ ಅಭ್ಯಾಸದ ಮೇಲೆ.

ಏನು ಬೇಕು ಅಂತ ಒಂದೇ ಸಾಲಲ್ಲಿ ಹೇಳೋಕೆ ಬಂದಿದ್ರೆ ಆ ಮನುಷ್ಯ ನಿನ್ನ ಹತ್ರ ಯಾಕೆ ಬರ್ತಿದ್ದ ಮಾರಾಯ? ಉದ್ದುದ್ದ ಮಾತಾಡೋದು ಅವರ ಹಕ್ಕು. ಅದನ್ನ ಒಂದು ಗುರಿ, ಒಂದು ವ್ಯಾಪ್ತಿ, ನಾಲ್ಕು ಮಿತಿ ಅಂತ ಇಳಿಸೋದು ನಮ್ಮ ಕೆಲಸ. ರೇಟ್ ಹೇಳೋಕೆ ಮುಂಚೆ ಮಾಡ್ಬೇಕಾದ ಕೆಲಸ.

ನಾನು ಇದನ್ನ ಪೆಟ್ಟು ತಿಂದು ಕಲಿತೆ. ಶಿವಮೊಗ್ಗದಲ್ಲೇ ಒಂದು ಅಂಗಡಿ, ಹೆಸರು ಬೇಡ. "ಒಂದು ಚೆಂದದ ವೆಬ್‌ಸೈಟ್" ಅಂದ್ರು, ನಾನು ಮೂರು ಪುಟ ಬರ್ಕೊಂಡು "ಓಕೆ ಸರ್, 15,000" ಅಂದೆ. ನಾಲ್ಕು ತಿಂಗಳು, ಒಂಬತ್ತು ಸಲ ತಿದ್ದುಪಡಿ, ಕೈಗೆ ಬಂದಿದ್ದು ಅರ್ಧ ದುಡ್ಡು. ಆಗ ನಾನೂ ಅವರಿಗೆ ಬೈದೆ. ಆದ್ರೆ ಆ ಮೂರು ಪುಟದಲ್ಲಿ "ಇಲ್ಲಿಗೆ ಮುಗೀತು" ಅನ್ನೋ ಜಾಗ ಎಲ್ಲೂ ಇರ್ಲಿಲ್ಲ. ಬರೆದವನು ನಾನೇ.

2/6

ಈಗ ಭದ್ರಾವತಿ ಕಥೆ.

ಅಡಿಕೆ ಸುಲಿಯೋ ಮಿಷನ್ ಮಾಡಿ, ರಿಪೇರಿನೂ ಮಾಡೋ ಒಂದು ಸಣ್ಣ ವರ್ಕ್‌ಶಾಪ್. ಯಜಮಾನ್ರು ವಿಐಎಸ್ಎಲ್‌ನಲ್ಲಿ ಟರ್ನರ್ ಆಗಿದ್ದು ರಿಟೈರ್ ಆದೋರು. ಜುಲೈನಲ್ಲಿ ಮೂರು ವಾಯ್ಸ್ ನೋಟ್ ಕಳಿಸಿದ್ರು, ಒಟ್ಟು 14 ನಿಮಿಷ. ಜೊತೆಗೆ ಹನ್ನೊಂದು ಫೋಟೋ, ಯಾರೋ ಫಾರ್ವರ್ಡ್ ಮಾಡಿದ ಒಂದು ವಿಡಿಯೋ.

ಅದರಲ್ಲಿ ಏನಿತ್ತು ಅಂದ್ರೆ ಎಲ್ಲ ಇತ್ತು. ವೆಬ್‌ಸೈಟ್ ಬೇಕು, ಪಕ್ಕದ ತಾಲ್ಲೂಕಿನವನಿಗೆ ಇದೆ. ಲೋಗೋ ಹಳೇದಾಯ್ತು. ಅಳಿಯ ಹೇಳ್ತಾನೆ ಯೂಟ್ಯೂಬ್ ಚಾನೆಲ್ ಮಾಡ್ಬೇಕಂತೆ, ಗೂಗಲ್‌ನಲ್ಲಿ ಮೊದಲು ಬರ್ಬೇಕಂತೆ. ನಡುವೆ ಮಳೆ, ಕೊಳೆರೋಗ, ಮೊಮ್ಮಗಳ ಶಾಲೆ. ಎರಡನೇ ನೋಟ್‌ನ ಕೊನೆಗೆ, ನಗ್ತಾ ಒಂದು ಮಾತು: "ಸುಗ್ಗೀಲಿ ರಾತ್ರಿ ಹನ್ನೊಂದಕ್ಕೂ ಫೋನು ತಮ್ಮಾ. ಆ ದೊಡ್ಡ ಬೇರಿಂಗ್ ಕಳ್ಸಿ ಅಂತಾರೆ. ಬಸ್ಸಿಗೆ ಹಾಕಿ ಕಳ್ಸಿದ್ರೆ ಇದಲ್ಲ ಅಂತ ವಾಪಸ್ ಬರುತ್ತೆ. ಅದಿರ್ಲಿ ಬಿಡು, ವೆಬ್‌ಸೈಟ್ ವಿಷಯಕ್ಕೆ ಬರೋಣ."

"ಅದಿರ್ಲಿ ಬಿಡು" ಅಂದ್ರಲ್ಲ, ಅಲ್ಲೇ ಇದ್ದಿದ್ದು ಇಡೀ ಪ್ರಾಜೆಕ್ಟ್.

ಕ್ಲೈಂಟ್ ಜೋರಾಗಿ ಹೇಳೋದೆಲ್ಲ ಸಾಮಾನ್ಯವಾಗಿ ಪರಿಹಾರಗಳು: ವೆಬ್‌ಸೈಟ್, ಲೋಗೋ, ರೀಲ್ಸ್. ಅವೆಲ್ಲ ಯಾರದೋ ಬಾಯಿಂದ ಕೇಳಿದ್ದು. ನೋವು ಮಾತ್ರ ಅವರದ್ದೇ. ಅದನ್ನ ಅವರು ಸುಮ್ನೆ ನಡುವೆ ಹೇಳಿ ಮುಂದೆ ಹೋಗ್ತಾರೆ, ಅದಕ್ಕೂ ಔಷಧಿ ಇದೆ ಅಂತ ಅವರಿಗೆ ಅನ್ಸಿರಲ್ಲ. ನಾವು ಪರಿಹಾರಗಳನ್ನ ನೀಟಾಗಿ ಬರ್ಕೊಳ್ತೀವಿ, ನೋವನ್ನ ಹರಟೆ ಅಂತ ಬಿಟ್ಟುಬಿಡ್ತೀವಿ.

3/6

ಹಾಗಾಗಿ ನಾನು ಈಗ ಎರಡು ಸಲ ಕೇಳ್ತೀನಿ. ಮೊದಲ ಸಲ ಪೆನ್ನು ಮುಟ್ಟಲ್ಲ. ಎರಡನೇ ಸಲ ಒಂದು ಹಾಳೆ ಮಡಚಿ ನಾಲ್ಕು ಭಾಗ ಮಾಡ್ತೀನಿ: ನೋವು, ವಸ್ತು, ಮಿತಿ, ಆಮೇಲೆ. ಪ್ರತಿ ಮಾತೂ ಇವುಗಳಲ್ಲಿ ಒಂದಕ್ಕೆ ಹೋಗ್ಬೇಕು. ಕೊಳೆರೋಗ, ಮೊಮ್ಮಗಳು ಎಲ್ಲಿಗೂ ಹೋಗಲ್ಲ, ಪರವಾಗಿಲ್ಲ, ಕೇಳೋಕೆ ಚೆನ್ನಾಗಿತ್ತು.

"ವಸ್ತು" ಭಾಗ ತುಂಬಿ ಹರೀತು. "ನೋವು" ಭಾಗದಲ್ಲಿ ಎರಡೇ ಸಾಲು: ತಪ್ಪು ಪಾರ್ಟ್ ಹೋಗೋದು, ರಾತ್ರಿ ಫೋನು.

ಕೆಲವರು ಇಲ್ಲಿ ಇಪ್ಪತ್ತು ಪ್ರಶ್ನೆಯ ಗೂಗಲ್ ಫಾರ್ಮ್ ಕಳಿಸಿ ಅಂತಾರೆ. "ನಿಮ್ಮ ಬ್ರ್ಯಾಂಡ್ ಒಂದು ಪ್ರಾಣಿ ಆಗಿದ್ರೆ ಯಾವುದು?" ಲೇಥ್ ಮುಂದೆ ನಿಂತಿರೋ, ಕೈಯೆಲ್ಲ ಗ್ರೀಸ್ ಇರೋ ಮನುಷ್ಯನಿಗೆ ಇದನ್ನ ಕಳಿಸೋರ ಧೈರ್ಯಕ್ಕೆ ಒಂದು ನಮಸ್ಕಾರ. ಫಾರ್ಮ್ ಕಳಿಸೋದು ಅಂದ್ರೆ ನಮ್ಮ ಕೆಲಸವನ್ನ ಅವರ ತಲೆಗೇ ವಾಪಸ್ ಕಟ್ಟೋದು. ನಾನು ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದೆ.

ಹೋದ ಸುಗ್ಗೀಲಿ ಅತಿ ಹೆಚ್ಚು ತೊಂದರೆ ಕೊಟ್ಟಿದ್ದು ಯಾವುದು? ಯಾವ ದಿನಾಂಕ ದಾಟಿದ್ರೆ ಇದು ಮಾಡಿನೂ ಪ್ರಯೋಜನ ಇಲ್ಲ? ಕೊನೆಗೆ "ಸರಿ" ಅನ್ನೋದು ಯಾರು, ನೀವಾ ಅಳಿಯನಾ?

ಮೊದಲನೇದಕ್ಕೆ ಅವರು ಹತ್ತು ನಿಮಿಷ ಮಾತಾಡಿದ್ರು, ಆದ್ರೆ ಈ ಸಲ ಒಂದೇ ವಿಷಯದ ಮೇಲೆ. ಬೇರಿಂಗ್‌ನಲ್ಲಿ 6204 ಅಂತ ಒಂದು, 6205 ಅಂತ ಇನ್ನೊಂದು. ಒಳಗಿನ ತೂತು ಒಂದಕ್ಕೆ 20 ಮಿಮೀ, ಇನ್ನೊಂದಕ್ಕೆ 25. ಫೋನಲ್ಲಿ ಎರಡೂ "ದೊಡ್ಡ ಬೇರಿಂಗೇ". ನಂಬರ್ ಬೇರಿಂಗ್ ಮೇಲೇ ಇರುತ್ತೆ, ಆದ್ರೆ ಗ್ರೀಸು, ಚೊಗರು ಮೆತ್ತಿಕೊಂಡು ಕಾಣಲ್ಲ. ತಪ್ಪು ಪಾರ್ಟ್ ಹೋದ್ರೆ ಮಿಷನ್ ಎರಡು ದಿನ ನಿಲ್ಲುತ್ತೆ. ನಮ್ಮ ಕಡೆ ಅಡಿಕೆ ಹಸಿ ಇದ್ದಾಗಲೇ ಸುಲಿದು ಬೇಯಿಸ್ಬೇಕು. ಕೊಯ್ದ ಗೊನೆ ಅಂಗಳದಲ್ಲಿ ರಾಶಿ ಬಿದ್ದಿರುತ್ತೆ, ರೈತ ಯಜಮಾನ್ರಿಗೆ ಬೈತಾನೆ.

4/6

ಇನ್ನು ಆ ಒಂದು ಸಾಲು. ನನ್ನ ಮೊದಲ ಪ್ರಯತ್ನ: "ವರ್ಕ್‌ಶಾಪ್‌ಗೆ ಒಂದು ಆಧುನಿಕ ವೆಬ್‌ಸೈಟ್." ಇದು ಗುರಿ ಅಲ್ಲ, ವಸ್ತು. ಇದು ಆಯ್ತಾ ಇಲ್ವಾ ಅಂತ ಯಾರೂ ಹೇಳೋಕಾಗಲ್ಲ, ಯಾಕಂದ್ರೆ "ಆಧುನಿಕ" ಅನ್ನೋದು ಅಳಿಯನ ಮೂಡ್ ಮೇಲೆ ಇರುತ್ತೆ.

ಎರಡನೇದು: "ಬಿಡಿಭಾಗದ ಆರ್ಡರ್ ತಪ್ಪಿಲ್ಲದೆ ಬರಬೇಕು ಮತ್ತು ಹೊಸ ಮಿಷನ್ ಮಾರಾಟ ಹೆಚ್ಚಬೇಕು." ಸಾಲಲ್ಲಿ "ಮತ್ತು" ಬಂದ್ರೆ ಸಂಶಯ ಪಡಿ. ಇಲ್ಲಿರೋದು ಎರಡು ಪ್ರಾಜೆಕ್ಟ್, ಎರಡು ಬಜೆಟ್. ಕೊಂಡಿರೋರಿಗೆ ಒಂದು, ಕೊಳ್ಳೋರಿಗೆ ಇನ್ನೊಂದು.

ಮೂರನೇದು: "ಅಕ್ಟೋಬರ್ 1ರಿಂದ ರೈತರು ಪಾರ್ಟ್ ನಂಬರ್ ಹೇಳಿ ಆರ್ಡರ್ ಮಾಡ್ಬೇಕು." ಇದನ್ನ ಪರೀಕ್ಷೆ ಮಾಡ್ಬಹುದು. ಅಕ್ಟೋಬರಲ್ಲಿ ಫೋನ್ ಬಂದಾಗ ರೈತ "ಆ ದೊಡ್ಡದು" ಅಂದ್ರೆ ನಾನು ಸೋತೆ, "ಎರಡನೇ ಮಾಡೆಲ್, 14ನೇ ನಂಬರ್" ಅಂದ್ರೆ ಗೆದ್ದೆ. ಅಷ್ಟೇ.

ಗಮನಿಸಿ, ಈ ಸಾಲಲ್ಲಿ ವೆಬ್‌ಸೈಟ್ ಅನ್ನೋ ಪದನೇ ಇಲ್ಲ. ಗುರಿ ಸರಿಯಾದ ಮೇಲೆ ವೆಬ್‌ಸೈಟ್ ತಾನಾಗೇ ಉದುರಿಹೋಯ್ತು. ರೈತನಿಗೆ ಬೇಕಾಗಿದ್ದು ಮಿಷನ್ ಪಕ್ಕ ನಿಂತಾಗ ಕಣ್ಣಿಗೆ ಕಾಣೋ ನಂಬರ್.

ವಾಟ್ಸಾಪಲ್ಲಿ ಕಳಿಸಿದ್ದು ಇಷ್ಟು:

ಗುರಿ: ಅಕ್ಟೋಬರ್ 1ರಿಂದ ರೈತರು ಪಾರ್ಟ್ ನಂಬರ್ ಹೇಳಿ ಆರ್ಡರ್ ಮಾಡ್ಬೇಕು.
ಮಾಡೋದು: 3 ಮಾಡೆಲ್, 26 ಪಾರ್ಟ್. ಪ್ರತಿಯೊಂದಕ್ಕೂ ಫೋಟೋ, ನಂಬರ್. ವಾಟ್ಸಾಪಲ್ಲಿ ಕಳಿಸೋಕೆ ಒಂದು ಪಿಡಿಎಫ್, ಮಿಷನ್ ಮೇಲೆ ಅಂಟಿಸೋಕೆ ಸ್ಟಿಕರ್ ಡಿಸೈನ್. ತಿದ್ದುಪಡಿ 2 ಸಲ.
ಮಾಡದೇ ಇರೋದು: ವೆಬ್‌ಸೈಟ್, ಲೋಗೋ, ಯೂಟ್ಯೂಬ್, ಪಾರ್ಟ್‌ಗಳ ರೇಟು, ಸ್ಟಿಕರ್ ಪ್ರಿಂಟ್ ಖರ್ಚು.
ಮಿತಿ: ₹9,000. ಫೋಟೋ ಭಾನುವಾರ ಮಾತ್ರ, ವರ್ಕ್‌ಶಾಪಲ್ಲೇ. ಪಿಡಿಎಫ್ 5 ಎಂಬಿ ಒಳಗೆ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಎಲ್ಲ ಕನ್ನಡದಲ್ಲಿ. ಕೊನೆಯ ಒಪ್ಪಿಗೆ ಯಜಮಾನ್ರದ್ದು ಮಾತ್ರ.

"ಮಾಡದೇ ಇರೋದು" ಅನ್ನೋ ಸಾಲು ಬರೆಯೋಕೆ ಬಹಳ ಜನಕ್ಕೆ ಸಂಕೋಚ. ಕ್ಲೈಂಟ್ ಬೇಜಾರಾಗ್ತಾರೆ ಅಂತ. ಇವತ್ತು ಒಂದು ನಿಮಿಷ ಬೇಜಾರಾಗ್ಲಿ ಬಿಡಿ. ಲೋಗೋ ಸೇರಿದೆ ಅಂತ ಅವರು, ಸೇರಿಲ್ಲ ಅಂತ ನೀನು ಅಂದ್ಕೊಂಡು ಎರಡು ತಿಂಗಳು ನಡೆಯೋದು ಅದಕ್ಕಿಂತ ಕೆಟ್ಟದ್ದು. ರೇಟ್ ಯಾಕೆ ಬಿಟ್ಟೆ ಅಂದ್ರೆ, ರೇಟ್ ವರ್ಷವರ್ಷ ಬದಲಾಗುತ್ತೆ, ಸ್ಟಿಕರ್ ಬದಲಾಗಲ್ಲ.

5/6

ಇದನ್ನ ಓದಿ ನನ್ನ ಕ್ಲಾಸ್‌ಮೇಟ್ ಒಬ್ಬಳು ಬೈದಳು: "ವೆಬ್‌ಸೈಟ್‌ಗೆ 25,000 ಕೊಡೋಕೆ ರೆಡಿ ಇದ್ರು, ನೀನು 9,000ಕ್ಕೆ ಇಳಿಸಿದೆ. ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಂಡೆ."

ಮಾತಲ್ಲಿ ನಿಜ ಇದೆ, ಜಾರಿಕೊಳ್ಳಲ್ಲ. ಬಾಡಿಗೆ ಕಟ್ಟೋ ತಿಂಗಳಲ್ಲಿ 16,000 ಸಣ್ಣದಲ್ಲ. ಆದ್ರೆ 1/6ರ ಲೆಕ್ಕ ನೋಡಿ. 15,000ಕ್ಕೆ ಒಪ್ಪಿ ನಾಲ್ಕು ತಿಂಗಳಿಗೆ 7,500 ಬಂತು. ಇಲ್ಲಿ ಎರಡು ಭಾನುವಾರ, ಆರು ಸಂಜೆ, 9,000 ಪೂರ್ತಿ. ವೆಬ್‌ಸೈಟ್ ಮಾಡಿಕೊಟ್ಟಿದ್ರೆ ಸುಗ್ಗೀಲಿ ಫೋನ್ ಹಾಗೇ ಬರ್ತಿತ್ತು, ಬೇರಿಂಗ್ ಹಾಗೇ ವಾಪಸ್ ಬರ್ತಿತ್ತು. ಆಗ ಯಜಮಾನ್ರು ಊರಲ್ಲಿ ಏನಂತಿದ್ರು? "ಆ ಹುಡುಗನಿಗೆ ದುಡ್ಡು ಕೊಟ್ಟೆ, ಏನೂ ಆಗ್ಲಿಲ್ಲ." ಭದ್ರಾವತಿ ದೊಡ್ಡ ಊರೇನಲ್ಲ.

ಇನ್ನೊಬ್ಬನ ವಾದ ಗಟ್ಟಿ ಇತ್ತು: ಒಂದು ಸಾಲಿಗೆ ಇಳಿಸಿದ್ರೆ ಕ್ಲೈಂಟ್ ಹೇಳಿದ್ದು ಕಳೆದುಹೋಗುತ್ತೆ, ನೀನು ನಿನಗೆ ಬೇಕಾದ್ದನ್ನ ಮಾತ್ರ ಆರಿಸ್ಕೊಳ್ತೀಯ. ಹೌದು, ಆ ಅಪಾಯ ಇದೆ. ಅದಕ್ಕೇ ನಾಲ್ಕನೇ ಭಾಗ, "ಆಮೇಲೆ". ಲೋಗೋ, ಯೂಟ್ಯೂಬ್, ಗೂಗಲ್ ಎಲ್ಲ ಅಲ್ಲಿ ಬರೆದು ಅದನ್ನೂ ಕಳಿಸಿದೆ. ತಾನು ಹೇಳಿದ್ದನ್ನ ಕೇಳಿಸ್ಕೊಂಡಿದಾರೆ ಅಂತ ಅವರಿಗೆ ಗೊತ್ತಾಗ್ಬೇಕು. ಇಷ್ಟಾದ್ರೂ ಈ ವಿಧಾನ ಒಂದು ಕಡೆ ಕೆಲಸ ಮಾಡಲ್ಲ: "ಸರಿ" ಅನ್ನೋರು ಇಬ್ಬರಿದ್ದು, ಇಬ್ಬರ ಗುರಿ ಬೇರೆ ಇದ್ದಾಗ. ಅಲ್ಲಿ ಎಷ್ಟು ಚೆನ್ನಾಗಿ ಬರೆದ್ರೂ ಸಾಲಲ್ಲಿ "ಮತ್ತು" ಉಳಿಯುತ್ತೆ. ಅವರಿಬ್ಬರೂ ಕೂತು ಮಾತಾಡೋ ತನಕ ಅಡ್ವಾನ್ಸ್ ತಗೊಳ್ಬೇಡಿ.

6/6

ಮೆಸೇಜ್ ಕಳಿಸಿದ ಮಾರನೇ ದಿನ ಬಸ್ ಹತ್ತಿ ಹೋದೆ. ಯಜಮಾನ್ರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಆಮೇಲೆ ಅಂದ್ರು, "ಇದು ಡ್ರಾಯಿಂಗ್ ಇದ್ದಂಗೆ ಇದೆಯಲ್ಲ. ಫ್ಯಾಕ್ಟರೀಲಿ ಡ್ರಾಯಿಂಗ್ ಇಲ್ದೆ ನಾವು ಜಾಬ್ ಮುಟ್ತಾನೇ ಇರ್ಲಿಲ್ಲ. ಅಳತೆ ಎಷ್ಟು, ಪ್ಲಸ್ ಮೈನಸ್ ಎಷ್ಟು, ಬರ್ದಿರ್ಬೇಕು."

ಆ ಮನುಷ್ಯನಿಗೆ ತಲೆ ಇಲ್ಲ ಅಂತ ಸ್ಟೋರಿ ಹಾಕ್ತೀವಿ ನಾವು.

ಪೆನ್ನು ತಗೊಂಡು ಅವರೇ ಒಂದು ಕಡೆ ತಿದ್ದಿದ್ರು. ನಾನು "ರೈತರು" ಅಂತ ಬರೆದಿದ್ದೆ. ಅವರು "ನಮ್ಮ ಮಿಷನ್ ತಗೊಂಡ ರೈತರು" ಅಂತ ಮಾಡಿದ್ರು. ಬೇರೆ ಕಂಪನಿ ಮಿಷನ್‌ಗೂ ಅವರ ಹತ್ರ ರಿಪೇರಿ ಬರುತ್ತೆ, ಆದ್ರೆ ಅವುಗಳ ಪಾರ್ಟ್‌ಗೆ ಇವರು ಹೊಣೆ ಅಲ್ಲ. ಆ ಮೂರು ಪದ ಇಲ್ಲದಿದ್ರೆ 26 ಪಾರ್ಟ್ ಯಾವಾಗ 60 ಆಗ್ತಿತ್ತೋ ಗೊತ್ತಿಲ್ಲ. ನನಗೆ ಹೊಳೆದಿರ್ಲಿಲ್ಲ.

ಸೆಪ್ಟೆಂಬರ್ ಕೊನೆ ವಾರ ಸ್ಟಿಕರ್ ಅಂಟಿತು. ನವೆಂಬರಲ್ಲಿ ಅಳಿಯ ಫೋನ್ ಮಾಡಿ "ಲೋಗೋ ಯಾವಾಗ ಕೊಡ್ತೀರಾ?" ಅಂದ್ರು. "ಆಮೇಲೆ" ಪಟ್ಟಿಯ ಫೋಟೋ ಕಳಿಸಿ, ಬೇರೆ ರೇಟ್ ಹೇಳಿದೆ. ಐದು ನಿಮಿಷ ಬಿಟ್ಟು "ಓಕೆ" ಅಂತ ಬಂತು, ಜೊತೆಗೆ ಏಳು ನಿಮಿಷದ ಒಂದು ವಾಯ್ಸ್ ನೋಟ್. ಇನ್ನೂ ಒಂದೇ ಸಲ ಕೇಳಿದೀನಿ.

ಒಪ್ಪದೇ ಇರೋರು ಕಾಮೆಂಟಿಗೆ ಬನ್ನಿ, ಜಗಳ ಆಡೋಣ.

#ಶಿವಮೊಗ್ಗ #ಭದ್ರಾವತಿ #ಫ್ರೀಲ್ಯಾನ್ಸ್ #ಕ್ಲೈಂಟ್‌ಕಥೆ